ಹಳೆ 371ಜೆ ಲೇಖನ ಜಾರುತ್ತಿದೆ: ತಿದ್ದಲಾ, ಹೊಸದು ಬರೆಯಲಾ?

"ಸರ್, ನಾನು ಶಹಾಪುರದವಳು. ಜೆರಾಕ್ಸ್ ಅಂಗಡಿ ಇದೆ, ಜೊತೆಗೆ ನೌಕರಿ, ಅಡ್ಮಿಷನ್ ಮಾಹಿತಿ ಕೊಡೋ ಒಂದು ಕನ್ನಡ ವೆಬ್‌ಸೈಟ್ ನಡೆಸ್ತೀನಿ. ವಾರಕ್ಕೆ ನಾಲ್ಕು ಹೊಸ ಲೇಖನ ಹಾಕ್ತೀನಿ, ಒಂದೂ ಓಡಲ್ಲ. 2018ರಲ್ಲಿ ಬರೆದ 'ಹೈದರಾಬಾದ್ ಕರ್ನಾಟಕ ಪ್ರಮಾಣಪತ್ರ ಪಡೆಯುವುದು ಹೇಗೆ' ಅನ್ನೋ ಒಂದೇ ಲೇಖನ ಸೈಟಿನ ಅರ್ಧ ಜನರನ್ನು ತರ್ತಿತ್ತು. ಈಗ ಅದೂ ಇಳೀತಿದೆ. ತಾರೀಖು ಬದಲಿಸಿ ಮತ್ತೆ ಹಾಕಿದರೆ ಮೇಲೆ ಬರುತ್ತೆ ಅಂತ ಒಬ್ಬರು ಹೇಳಿದ್ರು. ಮುಟ್ಟಿದರೆ ಇರೋದೂ ಹೋಗುತ್ತೆ ಅಂತ ಇನ್ನೊಬ್ಬರು. ಅದನ್ನ ಬಿಟ್ಟು ಹೊಸದಾಗಿ ಬರೀಲಾ? ಸರ್ಚ್ ಕನ್ಸೋಲ್ ಫೋಟೋ ಕಳಿಸಿದ್ದೀನಿ, ನೋಡಿ ಹೇಳಿ."

ಹೊಸದು ಬರೆಯಬೇಡಿ. ಅದನ್ನೇ ತಿದ್ದಿ, ಅದೇ ವಿಳಾಸದಲ್ಲಿ. ಆದರೆ ಇವತ್ತು ರಾತ್ರಿಯೇ ಕೂತು ತಿದ್ದಬೇಡಿ, ಮೊದಲು ಎಲ್ಲಿ ಸೋರುತ್ತಿದೆ ಅಂತ ನೋಡೋಣ.

ನಿಮಗೆ ಸಲಹೆ ಕೊಟ್ಟ ಇಬ್ಬರದ್ದೂ ಅರ್ಧರ್ಧ ಸರಿ. ತಾರೀಖಿನ ವಿಷಯ ಮೊದಲು ಮುಗಿಸುತ್ತೇನೆ. ಒಳಗೆ ಏನೂ ಬದಲಾಗದೆ ತಾರೀಖು ಮಾತ್ರ ಹೊಸದಾದರೆ ಲಾಭ ಇಲ್ಲ. ಹಾಗೆ ಮಾಡುತ್ತಿದ್ದೀರಾ ಅಂತ ಗೂಗಲ್ ತನ್ನ ಮಾರ್ಗಸೂಚಿಯಲ್ಲೇ, ಬರೆಯುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆಗಳಲ್ಲಿ ಒಂದಾಗಿ ಇಟ್ಟಿದೆ. ಸೈಟು ತಾಜಾ ಕಾಣಲಿ ಅಂತ ಸುಮ್ನೆ ಹೊಸ ಹೊಸ ಲೇಖನ ಸುರಿಯುವುದರಿಂದ ರ್‍ಯಾಂಕ್ ಏರುವುದಿಲ್ಲ ಅಂತಲೂ ಅಲ್ಲೇ ಬರೆದಿದೆ. ನಿಮ್ಮ ವಾರಕ್ಕೆ ನಾಲ್ಕು ಲೇಖನಗಳ ಕಥೆ ಅದೇ. ತಾಜಾತನಕ್ಕೆ ಬೆಲೆ ಇರುವುದು ತಾಜಾ ಉತ್ತರ ಬೇಕಾದ ಹುಡುಕಾಟಕ್ಕೆ. ಸಿಇಟಿ ಫಲಿತಾಂಶ ಹುಡುಕುವವನಿಗೆ ಇವತ್ತಿನದೇ ಬೇಕು. ಪ್ರಮಾಣಪತ್ರ ಯಾರು ಕೊಡುತ್ತಾರೆ ಅಂತ ಹುಡುಕುವವನಿಗೆ ಸರಿಯಾದದ್ದು ಬೇಕು, ಅದು ಏಳು ವರ್ಷದ ಹಿಂದೆ ಬರೆದಿದ್ದರೂ ನಡೆಯುತ್ತೆ.

ಮುಟ್ಟಿದರೆ ಹೋಗುತ್ತೆ ಅನ್ನುವುದು ಎಲ್ಲಿ ನಿಜ, ಎಲ್ಲಿ ಸುಳ್ಳು ಅಂತ ಆಮೇಲೆ ಹೇಳುತ್ತೇನೆ. ಅದರಲ್ಲಿ ನನ್ನದೇ ಒಂದು ಎಡವಟ್ಟು ಇದೆ.

ನೀವು ಕಳಿಸಿದ ಫೋಟೋದಲ್ಲಿ ಫೆಬ್ರವರಿಯ ಅಂಕಿಯನ್ನು ಹಿಂದಿನ ಜೂನ್ ಜೊತೆ ಹೋಲಿಸಿದ್ದೀರಿ. ಅದು ಬೇಡ. ಈ ಪ್ರಮಾಣಪತ್ರ ಕೊಡುವುದು ನಮ್ಮ ಭಾಗದವರಿಗೆ ಸೀಟು, ನೌಕರಿಯಲ್ಲಿ ಮೀಸಲು ಕೊಡುವ ಸಂವಿಧಾನದ 371ಜೆ ವಿಧಿಯ ಕೆಳಗೆ. ಅದರ ಹುಡುಕಾಟ ಏರುವುದು ಅಡ್ಮಿಷನ್ ಹೊತ್ತಿಗೆ, ಇಲ್ಲವೇ ದೊಡ್ಡ ನೇಮಕಾತಿ ಬಂದಾಗ. ಫೆಬ್ರವರಿಯಲ್ಲಿ ಅದು ಇಳಿಯಲೇಬೇಕು, ಅದಕ್ಕೆ ಹೆದರುವುದು ಬೇಸಿಗೆಯಲ್ಲಿ ಹಳ್ಳ ಬತ್ತಿತು ಅಂತ ಹೆದರಿದ ಹಾಗೆ. ಸರ್ಚ್ ಕನ್ಸೋಲ್ 16 ತಿಂಗಳ ಅಂಕಿ ಇಟ್ಟುಕೊಂಡಿರುತ್ತೆ. Performance ಒಳಗೆ ತಾರೀಖಿನ ಮೇಲೆ ಒತ್ತಿ Compare ಆರಿಸಿ, ಕಳೆದ ಮೂರು ತಿಂಗಳನ್ನು ಹೋದ ವರ್ಷದ ಅದೇ ಮೂರು ತಿಂಗಳ ಜೊತೆ ಇಡಿ. ಅದಕ್ಕೂ ಮೊದಲು ಈ ಒಂದು ಲೇಖನದ ವಿಳಾಸಕ್ಕೆ ಫಿಲ್ಟರ್ ಹಾಕಿ, ಇಲ್ಲದಿದ್ದರೆ ಇಡೀ ಸೈಟಿನ ಲೆಕ್ಕ ಬೆರೆತುಬಿಡುತ್ತೆ.

ಎರಡನೇ ಸಲ ನೀವು ಕಳಿಸಿದ ಏಪ್ರಿಲ್‌ನಿಂದ ಜೂನ್ ಲೆಕ್ಕ ಹೀಗಿತ್ತು. ಹೋದ ವರ್ಷ 88,000 ಸಲ ಕಾಣಿಸಿಕೊಂಡು 6,200 ಕ್ಲಿಕ್. ಈ ವರ್ಷ 91,000 ಸಲ ಕಾಣಿಸಿಕೊಂಡು 3,900. ಸರಾಸರಿ ಸ್ಥಾನ 3.4ರಿಂದ 6.8ಕ್ಕೆ ಇಳಿದಿದೆ. ಇದನ್ನು ಓದುವುದು ಕಷ್ಟ ಅಲ್ಲ. ಸ್ಥಾನ ಹಾಗೇ ಇದ್ದು ಕಾಣಿಸಿಕೊಳ್ಳುವ ಸಂಖ್ಯೆಯೇ ಬಿದ್ದಿದ್ದರೆ, ಜನ ಆ ವಿಷಯ ಹುಡುಕುವುದನ್ನೇ ಕಡಿಮೆ ಮಾಡಿದ್ದಾರೆ ಅಂತ. ಅಲ್ಲಿ ನೀವು ಎಷ್ಟು ತಿದ್ದಿದರೂ ನೀರು ಬರುವುದಿಲ್ಲ. ಸ್ಥಾನವೂ ಹಾಗೇ, ಕಾಣಿಸಿಕೊಳ್ಳುವುದೂ ಹಾಗೇ, ಕ್ಲಿಕ್ ಮಾತ್ರ ಕಡಿಮೆ ಆಗಿದ್ದರೆ ತಲೆಬರಹದಲ್ಲಿ ತಪ್ಪಿದೆ, ಇಲ್ಲವೇ ಗೂಗಲ್ ತಾನೇ ಮೇಲೆ ಉತ್ತರ ತೋರಿಸಿಬಿಡುತ್ತಿದೆ. ನಿಮ್ಮಲ್ಲಿ ಬೇಡಿಕೆ ಹಾಗೇ ಇದೆ, ಸ್ಥಾನ ಬಿದ್ದಿದೆ. ಅಂದರೆ ಅದೇ ಜನ ಬರುತ್ತಿದ್ದಾರೆ, ನಿಮ್ಮ ಮುಂದೆ ಬೇರೆಯವರು ನಿಂತಿದ್ದಾರೆ. ತಿದ್ದಿದರೆ ಫಲ ಸಿಗುವ ಸ್ಥಿತಿ ಇದೇ.

ಸರಾಸರಿ ಸ್ಥಾನ ಅನ್ನುವ ಅಂಕಿಯನ್ನು ಪೂರ್ತಿ ನಂಬಬೇಡಿ ಮಾತ್ರ. ಹೊಸ ಹತ್ತು ಪದಗಳಿಗೆ ನಿಮ್ಮ ಲೇಖನ 30ನೇ ಜಾಗದಲ್ಲಿ ಕಾಣಿಸತೊಡಗಿದರೆ, ಹಳೆ ಪದಗಳಲ್ಲಿ ಏನೂ ಕೆಡದಿದ್ದರೂ ಸರಾಸರಿ ಬೀಳುತ್ತೆ. ಅದಕ್ಕೇ Queries ಪಟ್ಟಿ ತೆರೆದು ಒಂದೊಂದೇ ಪದ ನೋಡಬೇಕು. ಎಲ್ಲವನ್ನೂ ಕೂಡಿಸಿದರೆ ಮೇಲಿನ ಒಟ್ಟಿಗೆ ತಾಳೆಯಾಗುವುದಿಲ್ಲ, ತೀರಾ ಕಡಿಮೆ ಜನ ಹುಡುಕಿದ ಪದಗಳನ್ನು ಗೂಗಲ್ ಪಟ್ಟಿಯಲ್ಲಿ ತೋರಿಸುವುದಿಲ್ಲ. ಗಾಬರಿ ಬೇಡ.

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ಮೂರು ಸಾಲಿನ ಮೇಲೆ. `hk certificate` ಅನ್ನುವುದಕ್ಕೆ ನೀವು ಈಗಲೂ ಎರಡನೇ ಜಾಗದಲ್ಲಿ ಗಟ್ಟಿಯಾಗಿದ್ದೀರಿ. `371j certificate` ಮೂರರಿಂದ ಎಂಟಕ್ಕೆ ಜಾರಿದೆ. `kalyana karnataka certificate` 14ರಲ್ಲಿದೆ, ಅಂದರೆ ಎರಡನೇ ಪುಟ, ಅಲ್ಲಿಗೆ ಯಾರು ಹೋಗುತ್ತಾರೆ? ಆಮೇಲೆ ನಿಮ್ಮ ಲೇಖನ ತೆರೆದು ಹುಡುಕಿದೆ. ಕಲ್ಯಾಣ ಕರ್ನಾಟಕ ಅನ್ನುವ ಪದ ಇಡೀ ಲೇಖನದಲ್ಲಿ ಒಂದೇ ಒಂದು ಸಲವೂ ಇಲ್ಲ. ಇರುವುದಾದರೂ ಹೇಗೆ? ನೀವು ಬರೆದದ್ದು 2018ರಲ್ಲಿ, ಹೈದರಾಬಾದ್ ಕರ್ನಾಟಕದ ಹೆಸರು ಕಲ್ಯಾಣ ಕರ್ನಾಟಕ ಅಂತ ಬದಲಾದದ್ದು 2019ರ ಸೆಪ್ಟೆಂಬರ್‌ನಲ್ಲಿ. ಅಂದಿನಿಂದ ಡಿಗ್ರಿ ಮುಗಿಸಿ ಬಂದ ಹುಡುಗರು ಕಲ್ಯಾಣ ಕರ್ನಾಟಕ ಅಂತಲೇ ಹುಡುಕುತ್ತಾರೆ, ಅವರ ಅಪ್ಪಂದಿರು ಎಚ್‌ಕೆ ಅಂತ ಹುಡುಕುತ್ತಾರೆ. ನಿಮ್ಮ ಲೇಖನ ಅಪ್ಪಂದಿರಿಗೆ ಮಾತ್ರ ಸಿಗುತ್ತಿದೆ.

ಈಗ ತಿದ್ದುವ ಕೆಲಸ. ನಿಮ್ಮದೇ ಅಂಗಡಿ, ಜೆರಾಕ್ಸ್ ಮಷಿನ್ ಪಕ್ಕದಲ್ಲೇ ಇದೆ, ಲೇಖನವನ್ನು ಪ್ರಿಂಟ್ ತೆಗೆಯಿರಿ. ಪರದೆ ಮೇಲೆ ಓದಿದರೆ ಕಣ್ಣು ಜಾರುತ್ತೆ, ಕಾಗದದ ಮೇಲೆ ಜಾರಲ್ಲ. ಪೆನ್ನು ಹಿಡಿದು ಪ್ರತಿ ವಾಕ್ಯಕ್ಕೂ ಒಂದೇ ಪ್ರಶ್ನೆ ಕೇಳಿ: ಇದು ಹಳಸುವ ಮಾತಾ, ಹಳಸದ ಮಾತಾ? ನಾನು ನಿಮ್ಮ ಲೇಖನಕ್ಕೆ ಹಾಗೆ ಮಾಡಿ ನೋಡಿದೆ.

ಸಂವಿಧಾನದ 98ನೇ ತಿದ್ದುಪಡಿಯಿಂದ 371ಜೆ ಬಂತು ಅನ್ನುವುದು ಹಳಸಲ್ಲ. ಇಲ್ಲಿನ ಕಾಲೇಜುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಅನ್ನುವ ಭಾಗ ನೀವು ಬರೆದ ಹಾಗೇ ಇದೆ, ಆದರೂ ಮೂಲ ಆದೇಶದ ಪ್ರತಿಯ ಕೊಂಡಿ ಅದರ ಪಕ್ಕದಲ್ಲಿ ಇರಲಿ. ಪ್ರಮಾಣಪತ್ರಕ್ಕೆ ಸಹಿ ಹಾಕುವವರು ಉಪವಿಭಾಗದ ಸಹಾಯಕ ಆಯುಕ್ತರು ಅನ್ನುವುದೂ ಉಳಿಯುತ್ತೆ. ಆದರೆ "ಆರು ಜಿಲ್ಲೆಗಳಿಗೆ ಅನ್ವಯ" ಅಂತ ನೀವು ಬರೆದ ಸಾಲು ಸತ್ತಿದೆ. ಬಳ್ಳಾರಿಯಿಂದ ಒಡೆದು 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಈಗ ಏಳು. ಹೊಸಪೇಟೆ ಹುಡುಗ ನಿಮ್ಮ ಪಟ್ಟಿಯಲ್ಲಿ ತನ್ನ ಜಿಲ್ಲೆ ಕಾಣದೆ, ನನಗಿಲ್ಲ ಬಿಡು ಅಂದುಕೊಂಡು ಹೊರಟು ಹೋಗುತ್ತಾನೆ. ಅವನ ಹಳೆ ದಾಖಲೆಗಳಲ್ಲಿ ಬಳ್ಳಾರಿ ಜಿಲ್ಲೆ ಅಂತ ಇರುತ್ತೆ, ಅದಕ್ಕೂ ಒಂದು ಸಾಲು ಸೇರಿಸಿ. ಇನ್ನು ಅರ್ಜಿ ಎಲ್ಲಿ ಹಾಕಬೇಕು, ಎಷ್ಟು ಶುಲ್ಕ, ಎಷ್ಟು ದಿನ, ಯಾವ ಗುಂಡಿ ಒತ್ತಬೇಕು ಅನ್ನುವ ಭಾಗ ಪೂರ್ತಿ ಹಳಸುವ ಮಾತು. ನೀವು ಹಾಕಿದ ಸ್ಕ್ರೀನ್‌ಶಾಟ್‌ಗಳು 2018ರ ಪರದೆಯವು.

ಈ ಹಳಸುವ ಮಾತುಗಳು ಲೇಖನದ ತುಂಬ ಚೆಲ್ಲಿಕೊಂಡಿರುವುದೇ ನಿಮ್ಮ ನಿಜವಾದ ತೊಂದರೆ. ಶುಲ್ಕ ಎರಡನೇ ಪ್ಯಾರಾದಲ್ಲಿ ಒಮ್ಮೆ, ಏಳನೆಯದರಲ್ಲಿ ಮತ್ತೊಮ್ಮೆ, ಕೊನೆಗೆ ಇನ್ನೊಮ್ಮೆ. ಅವನ್ನೆಲ್ಲ ಎತ್ತಿ ಒಂದೇ ಕಡೆ ಕೂಡಿಸಿ. "ಈಗಿನ ಶುಲ್ಕ ಮತ್ತು ಅರ್ಜಿ ವಿಧಾನ" ಅಂತ ಒಂದು ಉಪಶೀರ್ಷಿಕೆ, ಅದರ ಕೆಳಗೆ "ಇಂಥ ತಿಂಗಳು ಪರಿಶೀಲಿಸಿದ್ದು" ಅಂತ ಒಂದು ಸಾಲು. ನಮ್ಮ ಕಡೆ ಮಾಳಿಗೆ ಮನೆಗೆ ಮಳೆಗಾಲಕ್ಕೆ ಮುಂಚೆ ಮೇಲೆ ಮಣ್ಣು ಹಾಕುತ್ತಾರಲ್ವಾ, ಗೋಡೆ ಕೆಡವಲ್ಲ. ಮುಂದಿನ ವರ್ಷದಿಂದ ನೀವು ಮುಟ್ಟಬೇಕಾದದ್ದು ಆ ಒಂದು ಭಾಗ ಮಾತ್ರ, ಅರ್ಧ ಗಂಟೆ ಕೆಲಸ. ಎವರ್‌ಗ್ರೀನ್ ಅಂತ ಎಲ್ಲರೂ ಹೇಳುತ್ತಾರಲ್ಲ, ಲೇಖನದಲ್ಲಿ ಹಳಸುವುದೇ ಇಲ್ಲ ಅಂತ ಅದರ ಅರ್ಥ ಅಲ್ಲ. ಹಳಸುವುದು ಎಲ್ಲಿದೆ ಅಂತ ನಿಮಗೆ ಗೊತ್ತಿದೆ ಅಂತ ಅರ್ಥ.

ಸೇರಿಸಬೇಕಾದದ್ದು ಏನು ಅಂತ ಊಹಿಸಬೇಡಿ, Queries ಪಟ್ಟಿಯಲ್ಲೇ ಇದೆ. 8ರಿಂದ 20ನೇ ಸ್ಥಾನದ ಪದಗಳನ್ನು ನೋಡಿ. ಅವು ಜನ ನಿಮ್ಮನ್ನು ಕೇಳುತ್ತಿರುವ, ನೀವು ಅರ್ಧ ಮಾತ್ರ ಉತ್ತರಿಸಿದ ಪ್ರಶ್ನೆಗಳು. ನಿಮ್ಮಲ್ಲಿ ಮದುವೆಯಾಗಿ ಬಂದವರಿಗೆ ಸಿಗುತ್ತಾ ಅನ್ನುವ ಹುಡುಕಾಟ ಐದಾರು ರೂಪದಲ್ಲಿದೆ. ಲೇಖನದಲ್ಲಿ ಅದರ ಬಗ್ಗೆ ಇರುವುದು ಒಂದೇ ಸಾಲು, ಅದೂ "ಕೆಲವರ ಪ್ರಕಾರ" ಅಂತ. ಆದೇಶದ ಪ್ರತಿ ಮುಂದಿಟ್ಟುಕೊಂಡು ಅದಕ್ಕೊಂದು ಪೂರ್ತಿ ಪ್ಯಾರಾ ಬರೆಯಿರಿ, ಎಸಿ ಆಫೀಸಿನ ಕೇಸ್ ವರ್ಕರ್‌ಗೆ ಒಮ್ಮೆ ತೋರಿಸಿ. ಜನರ ನೌಕರಿಯ ವಿಷಯ, ಕೇಳಿದ ಮಾತು ಬರೆಯುವ ಜಾಗ ಅಲ್ಲ ಅದು.

ಇಲ್ಲಿ ನನ್ನ ಎಡವಟ್ಟು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ಪ್ರವಾಸದ ಒಂದು ಸೈಟು ನನ್ನ ಕೈಗೆ ಬಂತು. ಎಲ್ಲಾ ಕಡೆ ಗುಲ್ಬರ್ಗಾ ಅಂತಿತ್ತು. ಊರಿನ ಹೆಸರು 2014ರಲ್ಲೇ ಕಲಬುರಗಿ ಆಗಿದೆ, ಇದೇನು ಅಂತ ಹುಡುಕಿ ಬದಲಿಸುವ ಪ್ಲಗಿನ್ ಹಾಕಿ, ಕನ್ನಡದ್ದೂ ಇಂಗ್ಲಿಷಿನದ್ದೂ ಎರಡನ್ನೂ ಒಂದೇ ಏಟಿಗೆ ಬದಲಿಸಿದೆ. ಎರಡು ನಿಮಿಷದ ಕೆಲಸ. ಮೊದಲು ಹೋದದ್ದು ಫೋಟೋಗಳು, ಕೋಟೆಯ ಚಿತ್ರದ ಫೈಲ್ ಹೆಸರು `gulbarga-fort.jpg` ಅಂತಿತ್ತು, ಲೇಖನದ ಒಳಗೆ ಅದರ ಕೊಂಡಿ `kalaburagi-fort.jpg` ಆಗಿಹೋಯಿತು, ಆ ಹೆಸರಿನ ಫೈಲೇ ಇಲ್ಲ. ಗುಲ್ಬರ್ಗಾ ವಿಶ್ವವಿದ್ಯಾಲಯದ ಹೆಸರು ಬದಲಾಗಿಲ್ಲ, ಆದರೆ ನಮ್ಮ ಸೈಟಿನಲ್ಲಿ ಅದು ಕಲಬುರಗಿ ವಿಶ್ವವಿದ್ಯಾಲಯ ಆಯಿತು. ಭೌಗೋಳಿಕ ಗುರುತು ಪಡೆದ ಗುಲ್ಬರ್ಗಾ ತೊಗರಿಯದ್ದೂ ಅದೇ ಗತಿ. ಒಂದೂವರೆ ತಿಂಗಳಲ್ಲಿ `gulbarga fort` ಅನ್ನುವ ಹುಡುಕಾಟದಿಂದ ಬರುತ್ತಿದ್ದ ಜನ ಹೆಚ್ಚುಕಡಿಮೆ ನಿಂತೇ ಹೋದರು. ಯಾಕೆಂದರೆ ಹೊರಗಿನವರು ಈಗಲೂ ಗುಲ್ಬರ್ಗಾ ಅಂತಲೇ ಟೈಪ್ ಮಾಡುತ್ತಾರೆ, ನಮ್ಮ ಪುಟದಲ್ಲಿ ಆ ಪದವೇ ಉಳಿದಿರಲಿಲ್ಲ. ಪುಣ್ಯಕ್ಕೆ ಬ್ಯಾಕಪ್ ಇತ್ತು.

ಮುಟ್ಟಿದರೆ ಹೋಗುತ್ತೆ ಅನ್ನುವ ಮಾತು ನಿಜವಾಗುವುದು ಇಂಥಲ್ಲೇ. ಸೇರಿಸಿದ್ದರಿಂದ ಕೆಡುವುದು ಕಡಿಮೆ, ತೆಗೆದದ್ದರಿಂದ ಕೆಡುವುದು ಜಾಸ್ತಿ. ಒಂದು ಪ್ಯಾರಾ ಅಳಿಸುವ ಮುಂಚೆ ಅದರಲ್ಲಿರುವ ಮುಖ್ಯ ಪದವನ್ನು Queries ಫಿಲ್ಟರ್‌ನಲ್ಲಿ ಹಾಕಿ, ಅದರಿಂದ ಯಾರಾದರೂ ಬರುತ್ತಿದ್ದಾರಾ ನೋಡಿ. ಬರುತ್ತಿದ್ದರೆ ಅಳಿಸಬೇಡಿ, ಸರಿಪಡಿಸಿ. ನಿಮ್ಮ ಲೇಖನದಲ್ಲಿ ಹೈದರಾಬಾದ್ ಕರ್ನಾಟಕ, ಎಚ್‌ಕೆ ಎರಡೂ ಇರಲೇಬೇಕು. ಕಲ್ಯಾಣ ಕರ್ನಾಟಕ ಮುಂದೆ ಬರಲಿ, ಹಿಂದಿನ ಹೆಸರು ಇದು ಅಂತ ಒಂದೆರಡು ಕಡೆ ಸಹಜವಾಗಿ ಬರಲಿ. ಮೂರೂ ಹೆಸರನ್ನು ಪ್ರತಿ ಸಾಲಿನಲ್ಲೂ ತುರುಕಿದರೆ ಓದುವವರಿಗೆ ವಾಕರಿಕೆ.

ತಲೆಬರಹ ಹೀಗೆ ಮಾಡಿ: "371ಜೆ ಪ್ರಮಾಣಪತ್ರ (ಎಚ್‌ಕೆ ಸರ್ಟಿಫಿಕೇಟ್): ಯಾರಿಗೆ ಸಿಗುತ್ತೆ, ಅರ್ಜಿ ಹೇಗೆ". ಅದರಲ್ಲಿ ವರ್ಷ ಹಾಕಬೇಡಿ. ವರ್ಷ ಹಾಕಿದವರು ಪ್ರತಿ ಜನವರಿಗೆ ಅದನ್ನು ಬದಲಿಸಬೇಕು, ಮರೆತರೆ ಫೆಬ್ರವರಿಯಲ್ಲೇ ಹಳೆಯದಾಗಿ ಕಾಣುತ್ತೆ. ಮೊದಲ ಪ್ಯಾರಾ ಮಾತ್ರ ಪೂರ್ತಿ ಹೊಸದಾಗಿ ಬರೆಯಿರಿ. ಈಗಿನದು "ಎಲ್ಲರಿಗೂ ನಮಸ್ಕಾರ, ಇಂದಿನ ಲೇಖನದಲ್ಲಿ ನಾವು ಹೈದರಾಬಾದ್ ಕರ್ನಾಟಕ ಪ್ರಮಾಣಪತ್ರದ ಬಗ್ಗೆ ಸಂಪೂರ್ಣವಾಗಿ ತಿಳಿದುಕೊಳ್ಳೋಣ" ಅಂತ ಶುರುವಾಗಿ ಮೂರು ಪ್ಯಾರಾ ಆದಮೇಲೆ ವಿಷಯಕ್ಕೆ ಬರುತ್ತೆ. ಅಷ್ಟರಲ್ಲಿ ಹುಡುಗ ಹಿಂದಕ್ಕೆ ಹೋಗಿ ಮುಂದಿನ ಕೊಂಡಿ ಒತ್ತಿರುತ್ತಾನೆ. ನಾನಾದರೆ ಹೀಗೆ ಬರೆಯುತ್ತಿದ್ದೆ: "371ಜೆ ಪ್ರಮಾಣಪತ್ರ ಕೊಡುವವರು ನಿಮ್ಮ ಉಪವಿಭಾಗದ ಸಹಾಯಕ ಆಯುಕ್ತರು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ, ಕಲ್ಯಾಣ ಕರ್ನಾಟಕದ ಈ ಏಳು ಜಿಲ್ಲೆಗಳ ಸ್ಥಳೀಯರಿಗೆ ಇದು ಸಿಗುತ್ತೆ. ಹಿಂದೆ ಇದನ್ನೇ ಹೈದರಾಬಾದ್ ಕರ್ನಾಟಕ ಅಥವಾ ಎಚ್‌ಕೆ ಸರ್ಟಿಫಿಕೇಟ್ ಅನ್ನುತ್ತಿದ್ದರು." ಅಷ್ಟೇ.

ವಿಳಾಸ ಮುಟ್ಟಬೇಡಿ. ನಿಮ್ಮದು `/hk-certificate-2018/` ಅಂತಿದೆ, ಅದರಲ್ಲಿ 2018 ನೋಡಿ ಕೈ ತುರಿಸುತ್ತೆ, ನನಗೂ ತುರಿಸಿತು. ಆದರೆ ಏಳು ವರ್ಷದಿಂದ ಕಾಲೇಜುಗಳ ವಾಟ್ಸಾಪ್ ಗುಂಪುಗಳಲ್ಲಿ, ಬೇರೆ ಸೈಟುಗಳಲ್ಲಿ ಹರಿದಾಡಿರುವುದು ಅದೇ ಕೊಂಡಿ. ಓದುವವರು ವಿಳಾಸದ ವರ್ಷ ನೋಡುವುದು ಕಡಿಮೆ, ತಲೆಬರಹ ನೋಡುತ್ತಾರೆ. ಚಂದ ಕಾಣಲಿ ಅಂತ ಬದಲಿಸಿ, ಹಳೆಯದರಿಂದ ಹೊಸದಕ್ಕೆ ದಾರಿ ಕೊಡುವುದು ಮರೆತರೆ ಬಂದವರಿಗೆಲ್ಲ 404.

ದಾರಿ ಕೊಡುವ ಮಾತು ಬಂದದ್ದಕ್ಕೆ ಇನ್ನೊಂದು. ನೀವು ಇದೇ ವಿಷಯದ ಮೇಲೆ 2020, 2021, 2023ರಲ್ಲಿ ಮತ್ತೆ ಮೂರು ಸಣ್ಣ ಲೇಖನ ಹಾಕಿದ್ದೀರಿ, ಗಮನಿಸಿದ್ದೀರಾ? ಹೊಸದು ಬರೆಯಬೇಕು ಅನ್ನುವ ಚಟಕ್ಕೆ ಹುಟ್ಟಿದ ಮಕ್ಕಳು. ಮೊದಲು ಹಾಕಿದ ವಿಳಾಸದ ಫಿಲ್ಟರ್ ತೆಗೆದು, `371j certificate` ಅನ್ನುವ ಪದವನ್ನು ಒತ್ತಿ Pages ತೆರೆದರೆ ನಿಮ್ಮ ನಾಲ್ಕು ಲೇಖನಗಳೂ ಒಂದೇ ಪದಕ್ಕೆ ಕಾಣಿಸುತ್ತಿವೆ, ಕೆಲವು ವಾರ ಇದು, ಕೆಲವು ವಾರ ಅದು. ಗೂಗಲ್‌ಗೆ ಯಾವುದನ್ನು ಮುಂದೆ ನಿಲ್ಲಿಸಬೇಕು ಅಂತ ತಿಳಿಯುತ್ತಿಲ್ಲ. ನೀವು ಈಗ ಐದನೆಯದು ಬರೆಯಲಾ ಅಂತ ಕೇಳುತ್ತಿದ್ದೀರಿ. ಆ ಮೂರರಲ್ಲಿ ಇರುವ ಒಳ್ಳೆಯ ಸಾಲುಗಳನ್ನು 2018ರದ್ದಕ್ಕೆ ತನ್ನಿ, ಆಮೇಲೆ ಮೂರನ್ನೂ ಅದಕ್ಕೆ ತಿರುಗಿಸಿ. ನಿಮ್ಮ ಹೋಸ್ಟಿಂಗ್ ಅಪಾಚೆ ಆದ್ದರಿಂದ `.htaccess` ಕಡತದಲ್ಲಿ ಇಷ್ಟು ಸಾಕು:

```
Redirect 301 /371j-certificate-2020/ /hk-certificate-2018/
Redirect 301 /hk-certificate-online/ /hk-certificate-2018/
Redirect 301 /371j-apply-2023/ /hk-certificate-2018/
```

ಕೈ ನಡುಗಿದರೆ ವರ್ಡ್‌ಪ್ರೆಸ್ಸಿನಲ್ಲಿ ರೀಡೈರೆಕ್ಟ್ ಪ್ಲಗಿನ್ ಇವೆ, ಅವೂ ಇದೇ ಕೆಲಸ ಮಾಡುತ್ತವೆ. ಮೂರನ್ನೂ ಮೊಬೈಲಿನಲ್ಲಿ ತೆರೆದು, ಸರಿಯಾದ ಕಡೆ ಹೋಗುತ್ತಾ ಅಂತ ನೋಡುವುದು ಮರೆಯಬೇಡಿ. ಇದರಲ್ಲಿ ಅಪಾಯವೂ ಇದೆ. ಆ ಮೂರರಲ್ಲಿ ಯಾವುದಾದರೂ ಬೇರೆಯೇ ಪ್ರಶ್ನೆಗೆ ಜನ ತರುತ್ತಿದ್ದರೆ, ಉದಾಹರಣೆಗೆ ಅರ್ಜಿ ತಿರಸ್ಕಾರವಾದರೆ ಏನು ಅನ್ನುವುದಕ್ಕೆ, ಅದನ್ನು ಬೆರೆಸಬೇಡಿ, ಬೇರೆಯೇ ಇರಲಿ. ಒಂದರಿಂದ ಇನ್ನೊಂದಕ್ಕೆ ಕೊಂಡಿ ಕೊಡಿ.

ತಿದ್ದಿ ಮುಗಿದ ಮೇಲೆ ತಾರೀಖು ಬದಲಿಸಬಹುದು, ಈಗ ಅದಕ್ಕೆ ಹಕ್ಕಿದೆ. "ಮೊದಲ ಪ್ರಕಟಣೆ 2018, ಕೊನೆಯ ತಿದ್ದುಪಡಿ ಇಂಥ ದಿನ" ಅಂತ ಎರಡೂ ಕಾಣಲಿ. ಸರ್ಚ್ ಕನ್ಸೋಲ್‌ನ ಮೇಲಿನ ಪಟ್ಟಿಯಲ್ಲಿ ವಿಳಾಸ ಹಾಕಿ Request indexing ಒಂದು ಸಲ ಒತ್ತಿ. ದಿನಾ ಒತ್ತಿದರೆ ಬೇಗ ಆಗುತ್ತೆ ಅನ್ನುವುದು ಕಟ್ಟುಕಥೆ. ಫೇಸ್‌ಬುಕ್ಕಿನಲ್ಲಿ ಹಾಕುವ ಮುಂಚೆ ಅವರದೇ Sharing Debugger ತೆರೆದು ಕೊಂಡಿ ಹಾಕಿ Scrape Again ಒತ್ತಿ, ಇಲ್ಲದಿದ್ದರೆ ಹಳೆ ತಲೆಬರಹ, ಹಳೆ ಚಿತ್ರವೇ ಕಾಣುತ್ತೆ, ಜನ ಹಳೇದು ಅಂತ ದಾಟಿ ಹೋಗುತ್ತಾರೆ. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಯಾವ ದಿನ ಏನೇನು ಬದಲಿಸಿದೆ ಅಂತ ಬರೆದಿಡಿ. ಎರಡು ತಿಂಗಳಾದಮೇಲೆ ಗೆರೆ ಏರಿದರೂ ಇಳಿದರೂ ಯಾಕೆ ಅಂತ ನೆನಪಿರುವುದಿಲ್ಲ. ಮೊದಲ ಎರಡು ವಾರ ಗೆರೆ ಮೇಲೆ ಕೆಳಗೆ ಕುಣಿಯುತ್ತೆ, ಆಗ ಮತ್ತೆ ಕೈ ಹಾಕಬೇಡಿ. ಆರರಿಂದ ಎಂಟು ವಾರ ಬಿಟ್ಟು `kalyana karnataka certificate` ಸಾಲನ್ನು ನೋಡಿ. ಅದು 14ರಿಂದ ಮೊದಲ ಪುಟಕ್ಕೆ ಬಂದಿದ್ದರೆ, `hk certificate` ಇದ್ದಲ್ಲೇ ಇದ್ದರೆ, ಕೆಲಸ ಆಗಿದೆ. `hk certificate` ಬಿದ್ದಿದ್ದರೆ ಏನೋ ತೆಗೆಯಬಾರದ್ದನ್ನು ತೆಗೆದಿದ್ದೀರಿ, ವರ್ಡ್‌ಪ್ರೆಸ್ಸಿನ Revisions ತೆರೆದು ಹಳೆಯದರ ಜೊತೆ ಹೋಲಿಸಿ.

ನಿಮ್ಮ ಇನ್ನೊಂದು ಲೇಖನದ ಬಗ್ಗೆಯೂ ಹೇಳಬೇಕು, ಒಂದೇ ದಿನದಲ್ಲಿ ಹನ್ನೆರಡು ಸಾವಿರ ಜನ ಓದಿದ್ದು ಅಂತ ಹೆಮ್ಮೆಯಿಂದ ಕಳಿಸಿದ್ದೀರಲ್ಲ, 2022ರ ನೇಮಕಾತಿ ಅಧಿಸೂಚನೆ. ಅದನ್ನು ತಿದ್ದಲು ಕೂರಬೇಡಿ. ಅದರ ಗೆರೆ ನೋಡಿ, ಒಂದು ಗುಡ್ಡ, ಆಮೇಲೆ ಬಯಲು. ವಾಟ್ಸಾಪಿನಲ್ಲಿ ಹರಿದು ಬಂದ ಜನ, ಕೊನೆಯ ದಿನಾಂಕ ಮುಗಿದ ಮೇಲೆ ಅದಕ್ಕೆ ಜೀವ ಇಲ್ಲ. ಹೆಚ್ಚು ಓದಿಸಿಕೊಂಡದ್ದೆಲ್ಲ ಬಾಳುವ ಲೇಖನ ಅಲ್ಲ. 371ಜೆಯದ್ದು ನೋಡಿ, ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ಎತ್ತರಕ್ಕೆ ಏಳುತ್ತೆ. ತಿದ್ದುವುದಕ್ಕೆ ಆರಿಸಬೇಕಾದದ್ದು ಅಂಥವನ್ನು. ಅಧಿಸೂಚನೆಯ ಮೇಲೆ "ಇದು ಮುಗಿದಿದೆ" ಅಂತ ಒಂದು ಸಾಲು ಹಾಕಿ, 371ಜೆ ಲೇಖನಕ್ಕೆ ಕೊಂಡಿ ಕೊಟ್ಟು ಬಿಟ್ಟುಬಿಡಿ.

ಹೊಸದು ಬರೆಯುವುದೇ ಬೇಡ ಅಂತಲ್ಲ. ನಿಮ್ಮ ಪಟ್ಟಿಯಲ್ಲಿ ಜಾತಿ ಆದಾಯ ಪ್ರಮಾಣಪತ್ರದ ಹುಡುಕಾಟ ಇದೆ, ಅದಕ್ಕೆ ನಿಮ್ಮಲ್ಲಿ ಲೇಖನವೇ ಇಲ್ಲ, ಅದು ಹೊಸದಾಗಿಯೇ ಬರಬೇಕು. ವಾರಕ್ಕೆ ನಾಲ್ಕರ ಬದಲು ಒಂದು ಹೊಸದು, ಒಂದು ಹಳೆಯದರ ರಿಪೇರಿ ಸಾಕು. ಮತ್ತೆ ಮೊಬೈಲಿನಲ್ಲಿ ಪ್ರತಿ ಮಾರ್ಚ್ ಕೊನೆ ವಾರಕ್ಕೆ ಒಂದು ಅಲಾರಂ ಇಡಿ: ಎಸಿ ಆಫೀಸಿಗೆ ಫೋನ್, ಶುಲ್ಕ ಮತ್ತು ಅರ್ಜಿ ವಿಧಾನ ಕೇಳು, ಆ ಒಂದು ಭಾಗ ತಿದ್ದು. ಜೂನ್ ಬಂದ ಮೇಲೆ ತಿದ್ದಿದರೆ ಗೂಗಲ್ ಓದಿಕೊಳ್ಳುವಷ್ಟರಲ್ಲಿ ಅಡ್ಮಿಷನ್ ಮುಗಿದಿರುತ್ತೆ.